ಫೋನಿನಲ್ಲಿ ಚೆನ್ನಾಗಿದ್ದ ಫೋಟೋ ಟಿವಿಯಲ್ಲಿ ಯಾಕೆ ಮಸುಕಾಯಿತು?

ಪ್ರಶ್ನೆ: ಸರ್, ನಾವು ಮಂಡ್ಯದವರು. ದಸರಾ ಸಮಯದಲ್ಲಿ ಮನೆಮಂದಿಯೆಲ್ಲ ಮೈಸೂರಿಗೆ ಹೋಗಿದ್ದಾಗ ಅರಮನೆ ದೀಪಾಲಂಕಾರದ ಮುಂದೆ ನಿಂತು ಗ್ರೂಪ್ ಫೋಟೋ ತೆಗೆಸಿಕೊಂಡೆವು. ನಮ್ಮ ಭಾವನ ಮಗ ಅವನ ಫೋನಿನಲ್ಲಿ ತೆಗೆದು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದ. ನನ್ನ ಫೋನಿನಲ್ಲಿ ಅಮ್ಮನ ಸೀರೆಯ ಜರಿ ಅಂಚು ಕೂಡ ಚೆನ್ನಾಗಿ ಕಾಣುತ್ತೆ. ಆದರೆ ಫೋನ್ ಸ್ಕ್ರೀನನ್ನು ಹೊಸ 55 ಇಂಚಿನ 4ಕೆ ಟಿವಿಗೆ ಮಿರರ್ ಮಾಡಿ ಹಾಕಿದರೆ ಮುಖಗಳೆಲ್ಲ ಮಸುಕು ಮಸುಕು. ಅಂಗಡಿಯಲ್ಲಿ ಇದೇ ಟಿವಿ ಕಣ್ಣು ಕುಕ್ಕುವ ಹಾಗಿತ್ತು. ಟಿವಿ ಸರಿ ಇಲ್ವಾ, ಫೋಟೋ ಸರಿ ಇಲ್ವಾ?

ಉತ್ತರ: ಟಿವಿ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಫೋಟೋ ಹೇಗೆ ಬಂದಿದೆ ಅನ್ನೋದನ್ನು ನೀವಿನ್ನೂ ನೋಡೇ ಇಲ್ಲ. ಭಾವನ ಮಗನ ಫೋನಿನಲ್ಲಿರುವ ಫೋಟೋ ಬೇರೆ, ನಿಮ್ಮ ಟಿವಿ ಮೇಲೆ ಬಂದದ್ದು ಬೇರೆ. ನಡುವೆ ಎರಡು ಕಡೆ ಅದು ಸವೆದಿದೆ. ಅದರ ಜೊತೆಗೆ, ಫೋಟೋದಲ್ಲೇ ಒಂದಿಷ್ಟು ಮಸುಕು ಇದ್ದಿರಬಹುದು, ಫೋನಿನ ಚಿಕ್ಕ ಸ್ಕ್ರೀನ್ ಅದನ್ನು ಮುಚ್ಚಿಟ್ಟಿತ್ತು. ಯಾವುದರ ಪಾಲು ಎಷ್ಟು ಅಂತ ಬಿಡಿಸಿ ನೋಡೋಣ. ಲೆಕ್ಕಕ್ಕೆ ನಿಮ್ಮ ಅಮ್ಮನ ಮುಖವನ್ನೇ ಇಟ್ಟುಕೊಳ್ಳೋಣ.

ಈಗಿನ ಸಾಮಾನ್ಯ ಫೋನ್ 12 ಮೆಗಾಪಿಕ್ಸೆಲ್ ಫೋಟೋ ಉಳಿಸುತ್ತದೆ. ಅಂದರೆ ಅಗಲಕ್ಕೆ 4000, ಎತ್ತರಕ್ಕೆ 3000 ಚುಕ್ಕಿಗಳು. ಡಬ್ಬಿ ಮೇಲೆ 50 ಮೆಗಾಪಿಕ್ಸೆಲ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಮಾಮೂಲಿ ಮೋಡ್‌ನಲ್ಲಿ ಉಳಿಯುವುದು ಹೆಚ್ಚಾಗಿ ಇಷ್ಟೇ. ಹತ್ತು ಜನ ಸಾಲಾಗಿ ನಿಂತು, ಹಿಂದೆ ಅರಮನೆಯೂ ಬರಬೇಕು ಅಂದರೆ ಹುಡುಗ ಹನ್ನೆರಡು ಅಡಿಯಾದರೂ ಹಿಂದೆ ಸರಿದಿರುತ್ತಾನೆ. ಆ ದೂರದಿಂದ ಫೋಟೋದ ಅಗಲದಲ್ಲಿ ಸುಮಾರು 5 ಮೀಟರ್ ಜಾಗ ಹಿಡಿಯುತ್ತದೆ. ಮುಖದ ಅಗಲ 15 ಸೆಂಟಿಮೀಟರ್ ಅಂದುಕೊಂಡರೆ, ಆ 4000 ಚುಕ್ಕಿಗಳಲ್ಲಿ ಅಮ್ಮನ ಮುಖದ ಪಾಲಿಗೆ ಬಂದದ್ದು 120. ಇದು ಫೋಟೋ ತೆಗೆದ ಕ್ಷಣದ ಬಂಡವಾಳ. ಇದಕ್ಕಿಂತ ಜಾಸ್ತಿ ಎಲ್ಲಿಂದಲೂ ಬರುವುದಿಲ್ಲ.

ಈಗ ಅದೇ ಫೋಟೋವನ್ನು ನೀವು ಫೋನಿನಲ್ಲಿ ನೋಡುವುದು ಹೇಗೆ? ಫೋನನ್ನು ನೆಟ್ಟಗೆ ಹಿಡಿದು, ಅಲ್ವಾ? ಆಗ ಅಡ್ಡ ಫೋಟೋ ಸ್ಕ್ರೀನಿನ ಅಗಲಕ್ಕೆ, ಅಂದರೆ ಸುಮಾರು 7 ಸೆಂಟಿಮೀಟರ್‌ಗೆ ಕುಗ್ಗುತ್ತದೆ. ಅಮ್ಮನ ಮುಖ 2 ಮಿಲಿಮೀಟರ್. ಹೆಚ್ಚು ಕಡಿಮೆ ಒಂದು ಸಾಸಿವೆ ಕಾಳಿನ ಗಾತ್ರ. ಸಾಮಾನ್ಯ ಫೋನ್ ಸ್ಕ್ರೀನಿನ ಅಗಲದಲ್ಲಿ 1080 ಚುಕ್ಕಿ ಇರುವುದರಿಂದ ಆ ಮುಖ ಬರೀ 32 ಚುಕ್ಕಿಗಳಲ್ಲಿ ಮೂಡಿರುತ್ತದೆ. ಇಷ್ಟರಲ್ಲಿ ಕಣ್ಣಿನ ರೆಪ್ಪೆಯೂ ಇಲ್ಲ, ಹಣೆಯ ಗೆರೆಯೂ ಇಲ್ಲ. ಇದ್ದರೂ ಕಾಣುವುದಿಲ್ಲ. ಆದರೆ ಅದು ನಿಮ್ಮ ಅಮ್ಮ. ಮುಖ ಗೊತ್ತಿರುವುದರಿಂದ ಉಳಿದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಜರಿಯೂ ಅಷ್ಟೇ. ಫೋನಿನಲ್ಲಿ ಕಾಣುವುದು ಒಂದು ಚಿನ್ನದ ಬಣ್ಣದ ಪಟ್ಟಿ. ಅದರೊಳಗಿನ ನೇಯ್ಗೆ ಅಲ್ಲ.

ಟಿವಿಗೆ ಬನ್ನಿ. 55 ಇಂಚಿನ ಟಿವಿಯ ಸ್ಕ್ರೀನ್ ಸುಮಾರು 122 ಸೆಂಟಿಮೀಟರ್ ಅಗಲ, 68 ಸೆಂಟಿಮೀಟರ್ ಎತ್ತರ. ಫೋನಿನ ಫೋಟೋ ಅಷ್ಟು ಅಗಲ ಇರುವುದಿಲ್ಲವಾದ್ದರಿಂದ ಎಡಬಲ ಕಪ್ಪು ಬಿಟ್ಟು 91 ಸೆಂಟಿಮೀಟರ್‌ನಲ್ಲಿ ಕೂರುತ್ತದೆ. ಅಮ್ಮನ ಮುಖ ಈಗ 2.7 ಸೆಂಟಿಮೀಟರ್. ಫೋನಿಗಿಂತ ಹದಿಮೂರು ಪಟ್ಟು ದೊಡ್ಡದು.

ಹದಿಮೂರು ಪಟ್ಟು ದೊಡ್ಡದಾದರೆ ಹದಿಮೂರು ಪಟ್ಟು ಮಸುಕಾಗುತ್ತದೆ ಅಂತ ಅನೇಕರು ಅಂದುಕೊಳ್ಳುತ್ತಾರೆ. ಹಾಗಲ್ಲ. ನೀವು ಟಿವಿಗೆ ಮೂಗು ತಾಗಿಸಿ ನೋಡುವುದಿಲ್ಲವಲ್ಲ. ಫೋನ್ ಕಣ್ಣಿನಿಂದ ಒಂದಡಿ ದೂರ, ಅಂದರೆ 30 ಸೆಂಟಿಮೀಟರ್. ಸೋಫಾದಿಂದ ಟಿವಿಗೆ 2 ಮೀಟರ್ ಇಟ್ಟುಕೊಳ್ಳಿ. ದೂರವನ್ನೂ ಸೇರಿಸಿ ಲೆಕ್ಕ ಹಾಕಿದರೆ ಟಿವಿಯಲ್ಲಿನ ಮುಖ ನಿಮ್ಮ ಕಣ್ಣಿಗೆ ಫೋನಿನದಕ್ಕಿಂತ ಎರಡು ಪಟ್ಟು ಮಾತ್ರ ದೊಡ್ಡದು. ಬರೀ ಎರಡು ಪಟ್ಟಿಗೆ ಒಳ್ಳೆ ಫೋಟೋ ಕೆಡುವುದಿಲ್ಲ. ಮೂಲ ಫೋಟೋ ನೆಟ್ಟಗಿದ್ದು, ಪೂರ್ತಿಯಾಗಿ ಟಿವಿಗೆ ತಲುಪಿದ್ದರೆ ಆ ಮುಖಕ್ಕೆ ಟಿವಿಯಲ್ಲಿ 86 ಚುಕ್ಕಿ ಸಿಗಬೇಕಿತ್ತು. ಫೋನಿನ 32ಕ್ಕಿಂತ ಎಷ್ಟೋ ಜಾಸ್ತಿ. ನ್ಯಾಯವಾಗಿ ಫೋಟೋ ಟಿವಿಯಲ್ಲೇ ಇನ್ನೂ ಚೆನ್ನಾಗಿ ಕಾಣಬೇಕಿತ್ತು.

ಹಾಗಾದರೆ ಮಸುಕು ಬಂದದ್ದು ಎಲ್ಲಿಂದ? ಇದನ್ನು ಕಂಡುಹಿಡಿಯಲು ಸೋಫಾದಲ್ಲಿ ಕೂತೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಟಿವಿಯಲ್ಲಿ ಫೋಟೋ ಹಾಕಿ. ಅದೇ ಫೋಟೋವನ್ನು ಇನ್ನೊಂದು ಫೋನಿನಲ್ಲಿ ತೆರೆಯಿರಿ. ಒಂದು ಕಣ್ಣು ಮುಚ್ಚಿ, ಫೋನನ್ನು ಮಾಮೂಲಿ ದೂರದಲ್ಲಿ ಟಿವಿಯ ಪಕ್ಕಕ್ಕೆ ಬರುವಂತೆ ಹಿಡಿಯಿರಿ. ಈಗ ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸುತ್ತಾ ಹೋಗಿ. ಫೋನಿನ ಅಮ್ಮ, ಟಿವಿಯ ಅಮ್ಮ, ಇಬ್ಬರ ಮುಖವೂ ಕಣ್ಣಿಗೆ ಒಂದೇ ಗಾತ್ರಕ್ಕೆ ಬಂದಾಗ ನಿಲ್ಲಿಸಿ. ಪೂರ್ತಿ ಸ್ಕ್ರೀನ್ ತುಂಬಿದ ಫೋಟೋ ಆದರೆ ಸುಮಾರು ಎರಡು ಪಟ್ಟು ಹಿಗ್ಗಿಸಬೇಕಾಗುತ್ತದೆ. ಈಗ ಹೋಲಿಸಿ. ಫೋನಿನ ಮುಖವೂ ಟಿವಿಯಷ್ಟೇ ಮಸುಕಾಗಿದ್ದರೆ ತಪ್ಪು ಫೋಟೋದಲ್ಲಿದೆ. ಫೋನಿನದು ಇನ್ನೂ ಚೆನ್ನಾಗಿಯೇ ಇದ್ದು ಟಿವಿಯದು ಮಾತ್ರ ಕಲಸಿದ್ದರೆ, ಫೋಟೋ ಟಿವಿಗೆ ಬಂದ ದಾರಿಯಲ್ಲಿ ಅಥವಾ ಟಿವಿಯ ಸೆಟ್ಟಿಂಗಿನಲ್ಲಿ ತೊಂದರೆ ಇದೆ. ಪರೀಕ್ಷೆಗೆ ಮೊದಲು ಟಿವಿಯ ಮೆನು ತೆರೆದು ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆಯೇ ನೋಡಿಕೊಳ್ಳಿ. ಅವೂ ಮಸುಕಾಗಿದ್ದರೆ ಕನ್ನಡಕದ ಅಂಗಡಿಗೆ ಹೋಗಬೇಕಾದವರು ನೀವು! ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹತ್ತಿರದ್ದು ಚೆನ್ನಾಗಿ, ದೂರದ್ದು ಮಸುಕಾಗಿ ಕಾಣುವವರು ಟಿವಿಯನ್ನು ಬೈಯುವುದು ಮಾಮೂಲು.

ನೀವು ಹೇಳಿದ ವಿವರ ನೋಡಿದರೆ ನಿಮ್ಮ ವಿಷಯದಲ್ಲಿ ದಾರಿಯ ತಪ್ಪೇ ದೊಡ್ಡದು ಅನಿಸುತ್ತದೆ.

ಮೊದಲನೆಯದು ವಾಟ್ಸಾಪ್. ಮಾಮೂಲಿ ರೀತಿಯಲ್ಲಿ ಕಳಿಸಿದ ಫೋಟೋವನ್ನು ಅದು ಉದ್ದದ ಕಡೆಗೆ ಸುಮಾರು 1600 ಚುಕ್ಕಿಗೆ ಇಳಿಸುತ್ತದೆ. ಭಾವನ ಮಗನ ಫೋನಿನಲ್ಲಿದ್ದ 1 ಕೋಟಿ 20 ಲಕ್ಷ ಚುಕ್ಕಿಗಳ ಫೋಟೋ ನಿಮ್ಮ ಕೈಗೆ ಬರುವಾಗ 19 ಲಕ್ಷಕ್ಕೆ ಇಳಿದಿರುತ್ತದೆ. ಆರರಲ್ಲಿ ಒಂದು ಪಾಲು. ಅಮ್ಮನ ಮುಖಕ್ಕೆ ಇದ್ದ 120 ಚುಕ್ಕಿ 48 ಆಯಿತು. ಫೋನ್ ಸ್ಕ್ರೀನಿಗೆ ಬೇಕಾದದ್ದು 32 ತಾನೇ, ಹಾಗಾಗಿ ಅಲ್ಲಿ ಏನೂ ಕಳೆದುಕೊಂಡ ಹಾಗೆ ಅನಿಸುವುದಿಲ್ಲ. ಟಿವಿಗೆ ಬೇಕಾದದ್ದು 86. ಅಲ್ಲಿ ಖೋತಾ ಬೀಳುತ್ತದೆ.

ಇಷ್ಟೇ ಅಲ್ಲ. ಇಳಿಸಿದ ಫೋಟೋವನ್ನು ವಾಟ್ಸಾಪ್ ಇನ್ನೊಮ್ಮೆ ಒತ್ತಿ ಚಿಕ್ಕ ಫೈಲ್ ಮಾಡುತ್ತದೆ. ಮೂರು ನಾಲ್ಕು ಎಂಬಿ ಇದ್ದದ್ದು ಕೆಲವು ನೂರು ಕೆಬಿಗೆ ಬರುತ್ತದೆ. ಜೆಪೆಗ್ ಅನ್ನುವ ಈ ವಿಧಾನದಲ್ಲಿ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಒಳಗಿನ ಸಣ್ಣ ವ್ಯತ್ಯಾಸಗಳನ್ನು ಕೈಬಿಡುತ್ತಾರೆ. ಜಾಸ್ತಿ ಒತ್ತಿದಷ್ಟೂ ಚೌಕದ ಅಂಚು ಎದ್ದು ಕಾಣುತ್ತದೆ. ಫೋನಿನಲ್ಲಿ ಆ ಚೌಕ ಮಿಲಿಮೀಟರ್‌ನ ಮೂರನೇ ಒಂದು ಭಾಗ, ಯಾರಿಗೆ ಕಾಣುತ್ತದೆ? ನಿಮ್ಮ ಟಿವಿಯಲ್ಲಿ ಫೋಟೋ ಪೂರ್ತಿ ಹಿಗ್ಗಿದರೆ ಅದೇ ಚೌಕ ನಾಲ್ಕೂವರೆ ಮಿಲಿಮೀಟರ್. ಹತ್ತಿರ ಹೋಗಿ ಅರಮನೆಯ ಗೋಪುರದ ಹಿಂದಿನ ಕಪ್ಪು ಆಕಾಶ ನೋಡಿ, ದೀಪದ ಸಾಲು ಮತ್ತು ಆಕಾಶ ಕೂಡುವ ಕಡೆ ಚೌಕ ಚೌಕವಾಗಿ ಕೊಳೆ ಹಿಡಿದ ಹಾಗೆ ಕಾಣಬಹುದು. ಬಣ್ಣದ ವಿವರವನ್ನಂತೂ ಇನ್ನೂ ಕಡಿಮೆ ಇಟ್ಟುಕೊಂಡಿರುತ್ತದೆ. ಅಮ್ಮನ ಹಣೆಯ ಕುಂಕುಮ ಸುತ್ತಲಿನ ಚರ್ಮಕ್ಕೆ ಹರಡಿದ ಹಾಗೆ ಕಂಡರೆ ಕಾರಣ ಇದೇ.

ಎರಡನೆಯದು ಮಿರರಿಂಗ್. ನನ್ನ ಲೆಕ್ಕದಲ್ಲಿ ಇದು ವಾಟ್ಸಾಪಿಗಿಂತ ದೊಡ್ಡ ಕಳ್ಳ. ಸ್ಕ್ರೀನ್ ಮಿರರ್ ಮಾಡಿದಾಗ ಟಿವಿಗೆ ಹೋಗುವುದು ಫೋಟೋ ಅಲ್ಲ, ನಿಮ್ಮ ಫೋನ್ ಸ್ಕ್ರೀನಿನ ವಿಡಿಯೋ. ಆ ವಿಡಿಯೋ ಸಾಮಾನ್ಯವಾಗಿ 1920 ಕ್ಕೆ 1080 ಚುಕ್ಕಿಯದು, ಅದೂ ವೈಫೈ ಮೇಲೆ ಹೋಗಬೇಕಾದ್ದರಿಂದ ಚೆನ್ನಾಗಿ ಹಿಂಡಿರುತ್ತಾರೆ. ಈಗಿನ ಫೋನುಗಳು ಉದ್ದುದ್ದ. ಅಡ್ಡ ಹಿಡಿದರೂ ಆ ಉದ್ದವೆಲ್ಲ ವಿಡಿಯೋದೊಳಗೆ ಹಿಡಿಸಬೇಕು. ಹಾಗಾಗಿ ನಡುವೆ ಇರುವ ನಿಮ್ಮ ಫೋಟೋಗೆ ಸಿಗುವುದು ಸುಮಾರು 1150 ಕ್ಕೆ 860 ಚುಕ್ಕಿ ಮಾತ್ರ. ಹತ್ತು ಲಕ್ಷ. ಟಿವಿ ಮೇಲೆ ಆ ಫೋಟೋ ಕೂತಿರುವ ಜಾಗದಲ್ಲಿ ಗಾಜಿನ ಹಿಂದೆ ನಲವತ್ತು ಲಕ್ಷ ಚುಕ್ಕಿಗಳಿವೆ. ಅಂದರೆ ನಾಲ್ಕರಲ್ಲಿ ಮೂರು ಚುಕ್ಕಿಗಳನ್ನು ಟಿವಿ ಅಕ್ಕಪಕ್ಕದವನ್ನು ನೋಡಿ ಊಹೆಯಿಂದ ತುಂಬಿದೆ. ಊಹೆಯಿಂದ ತುಂಬಿದ್ದು ಯಾವಾಗಲೂ ನುಣುಪಾಗಿರುತ್ತದೆ. ಅದನ್ನೇ ನಾವು ಮಸುಕು ಅನ್ನುವುದು. ಅಮ್ಮನ ಮುಖ ಇಲ್ಲಿಗೆ ಬರುವಾಗ 35 ಚುಕ್ಕಿ.

ಫೋನನ್ನು ನೆಟ್ಟಗೆ ಹಿಡಿದೇ ಮಿರರ್ ಮಾಡಿದ್ದರೆ ಕೇಳಲೇಬೇಡಿ. ಟಿವಿಯ ನಡುವೆ ಒಂದು ಕಿರಿದಾದ ಪಟ್ಟಿ, ಅದರೊಳಗೆ ಫೋಟೋಗೆ 490 ಚುಕ್ಕಿಯಷ್ಟೂ ಅಗಲ ಇರುವುದಿಲ್ಲ. ಅಮ್ಮನ ಮುಖಕ್ಕೆ 15 ಚುಕ್ಕಿ.

ಅಂಗಡಿಯಲ್ಲಿ ಟಿವಿ ಕಣ್ಣು ಕುಕ್ಕಿದ್ದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿ ಓಡಿಸುವುದು ಅದಕ್ಕೆಂದೇ ಒಳ್ಳೆ ಕ್ಯಾಮೆರಾದಲ್ಲಿ ತೆಗೆದ 4ಕೆ ವಿಡಿಯೋ. ಟಿವಿಯ ಒಂದೊಂದು ಚುಕ್ಕಿಗೂ ಅದರದೇ ಮಾಹಿತಿ ಇರುತ್ತದೆ. ಅಲ್ಲಿ ನಿಮ್ಮ ವಾಟ್ಸಾಪ್ ಫೋಟೋ ಹಾಕಿದ್ದರೆ ಅಲ್ಲೂ ಹೀಗೇ ಕಾಣುತ್ತಿತ್ತು.

ಸರಿ, ಈಗ ಏನು ಮಾಡಬೇಕು? ಮೊದಲು ನಿಮ್ಮ ಕೈಯಲ್ಲಿರುವ ಫೈಲ್ ಯಾವುದು ಅಂತ ನೋಡಿ. ಗ್ಯಾಲರಿಯಲ್ಲಿ ಫೋಟೋ ತೆರೆದು ವಿವರ ನೋಡಿದರೆ ಫೈಲಿನ ಹೆಸರು, ಅಳತೆ ಕಾಣುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಹೆಸರು ಈ ಥರ ಇದ್ದರೆ ಅದು ವಾಟ್ಸಾಪಿನಿಂದ ಬಂದದ್ದು:

```
IMG-20241006-WA0012.jpg
```

ಆ `WA` ಅನ್ನುವುದೇ ಗುರುತು. ಅಳತೆ 1600 ಕ್ಕೆ 1200 ಅಂತಲೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಕ್ಯಾಮೆರಾದ ಮಾದರಿ, ಶಟರ್ ವೇಗ ಇತ್ಯಾದಿ ಖಾಲಿ ಇರುತ್ತವೆ, ಯಾಕೆಂದರೆ ವಾಟ್ಸಾಪ್ ಅವನ್ನೂ ತೆಗೆದುಹಾಕಿರುತ್ತದೆ. ಅಳತೆ ಇನ್ನೂ ಚಿಕ್ಕದಾಗಿ, ಸ್ಕ್ರೀನಿನಷ್ಟೇ ಅಗಲ ಇದ್ದರೆ ಯಾರೋ ಸ್ಟೇಟಸ್‌ನಿಂದ ಸ್ಕ್ರೀನ್‌ಶಾಟ್ ತೆಗೆದು ಕಳಿಸಿರಬಹುದು. ಅದರಿಂದ ಟಿವಿಗೆ ಏನೂ ಪ್ರಯೋಜನ ಇಲ್ಲ.

ಆಮೇಲೆ ಭಾವನ ಮಗನಿಗೆ ಫೋನ್ ಮಾಡಿ, ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸು ಅನ್ನಿ. ವಾಟ್ಸಾಪಿನಲ್ಲೇ ಅಟ್ಯಾಚ್ ಗುರುತು ಒತ್ತಿ, ಗ್ಯಾಲರಿ ಬದಲು ಡಾಕ್ಯುಮೆಂಟ್ ಆರಿಸಿ, ಅಲ್ಲಿಂದ ಫೋಟೋ ಹಾಕಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಕಳಿಸುವಾಗ ಮೇಲೆ ಕಾಣುವ ಎಚ್‌ಡಿ ಗುಂಡಿ ಒತ್ತಿದರೂ ಮಾಮೂಲಿಗಿಂತ ವಾಸಿ. ಆದರೆ ಅದೂ ಫೋಟೋವನ್ನು ಒತ್ತಿಯೇ ಕಳಿಸುವುದು, ಮೂಲ ಅಲ್ಲ. ಒಂದು ವಿಷಯ ಗಮನದಲ್ಲಿರಲಿ. ಅವನು ತನ್ನ ಗ್ಯಾಲರಿಯ ಕ್ಯಾಮೆರಾ ಫೋಲ್ಡರ್‌ನಿಂದಲೇ ಆರಿಸಬೇಕು. ಗ್ರೂಪಿನಲ್ಲಿರುವುದನ್ನೇ ಇಳಿಸಿಕೊಂಡು ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಸವೆದದ್ದೇ ಮತ್ತೆ ಬರುತ್ತದೆ. ನಮ್ಮ ಲ್ಯಾಬಿಗೆ ದೊಡ್ಡ ಫ್ರೇಮ್ ಹಾಕಿಸಲು ಬರುವವರ ಹತ್ತಿರ ದಿನಾ ಇದೇ ಮಾತಾಗುತ್ತದೆ. ಮೂಲ ಫೋಟೋ ಮನೆಯಲ್ಲೇ ಯಾರದೋ ಫೋನಿನಲ್ಲಿ ಬೆಚ್ಚಗೆ ಕೂತಿರುತ್ತದೆ, ಕೈಗೆ ಬರುವುದು ನಾಲ್ಕು ಗ್ರೂಪು ಸುತ್ತಿದ ಫೋಟೋ.

ಮೂಲ ಸಿಕ್ಕ ಮೇಲೆ ಮಿರರ್ ಮಾಡಬೇಡಿ. ಪೆನ್‌ಡ್ರೈವ್‌ಗೆ ಹಾಕಿ ಟಿವಿಯ ಹಿಂದೆ ಚುಚ್ಚಿ, ಟಿವಿಯದೇ ಫೋಟೋ ಆಪ್‌ನಲ್ಲಿ ತೆರೆಯಿರಿ. ತೆರೆದ ತಕ್ಷಣ ಮಸುಕಾಗಿ ಕಂಡರೆ ಒಂದೆರಡು ಸೆಕೆಂಡ್ ತಡೆಯಿರಿ. ಕೆಲವು ಟಿವಿಗಳು ಮೊದಲು ಚಿಕ್ಕ ಪ್ರತಿ ತೋರಿಸಿ ಆಮೇಲೆ ದೊಡ್ಡದು ತರುತ್ತವೆ. ಹುಡುಗನದು ಐಫೋನ್ ಆಗಿದ್ದರೆ ಫೈಲ್ `.HEIC` ಅಂತ ಇರಬಹುದು, ಎಷ್ಟೋ ಟಿವಿಗಳಿಗೆ ಅದು ತೆರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಅದೇ ಅಳತೆಯಲ್ಲಿ ಜೆಪೆಗ್ ಮಾಡಿಕೊಳ್ಳಿ.

ಇಲ್ಲೊಂದು ಸಣ್ಣ ಮೋಸ ಇದೆ. ಟಿವಿ 4ಕೆ ಆದರೂ ಅದರೊಳಗಿನ ಕೆಲವು ಆಪ್‌ಗಳು ಚಿತ್ರವನ್ನು 1920 ಕ್ಕೆ 1080ಗೆ ಇಳಿಸಿ, ಮತ್ತೆ ಹಿಗ್ಗಿಸಿ ತೋರಿಸುತ್ತವೆ. ನಿಮ್ಮದು ಹಾಗೆ ಮಾಡುತ್ತದೆಯೇ ಅಂತ ತಿಳಿಯಲು ಕನ್ನಡ ದಿನಪತ್ರಿಕೆ ಸಾಕು. ಎರಡು ಪುಟ ಬಿಡಿಸಿ ನೆಲದ ಮೇಲೆ ಹಾಸಿ, ಹಗಲು ಬೆಳಕಿನಲ್ಲಿ ನೇರ ಮೇಲಿನಿಂದ, ಎರಡೂ ಪುಟ ತುಂಬಿ ಬರುವ ಹಾಗೆ ಅಡ್ಡ ಫೋಟೋ ತೆಗೆಯಿರಿ. ಫೋನಿನಲ್ಲಿ ಹಿಗ್ಗಿಸಿ ಸುದ್ದಿಯ ಸಣ್ಣ ಅಕ್ಷರ ಓದಲು ಬರುತ್ತದೆಯೇ ನೋಡಿಕೊಳ್ಳಿ. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಟಿವಿಯ ಹತ್ತಿರ ಹೋಗಿ ನೋಡಿ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಆಪ್ ಟಿವಿಯ ಪೂರ್ತಿ ಶಕ್ತಿ ಬಳಸುತ್ತಿದೆ. ತಲೆಬರಹ ಓದಬಹುದು, ಸುದ್ದಿಯ ಒತ್ತೆಲ್ಲ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದೆ ಅಂದರೆ ಅರ್ಧಕ್ಕೆ ಇಳಿಸುತ್ತಿದೆ. ಆಗ ಬೇರೆ ಫೋಟೋ ಆಪ್ ಹಾಕಿ ನೋಡಬಹುದು.

ಟಿವಿ ಸೆಟ್ಟಿಂಗಿನಲ್ಲಿ ನೋಡಬೇಕಾದ್ದು ಹೆಚ್ಚಿಲ್ಲ. ಮಸುಕು ಕಂಡ ತಕ್ಷಣ ಎಲ್ಲರೂ ಶಾರ್ಪ್‌ನೆಸ್ ಏರಿಸುತ್ತಾರೆ. ಅದು ಇಲ್ಲದ ವಿವರ ತರುವುದಿಲ್ಲ, ಅಂಚುಗಳಿಗೆ ಬಿಳಿ ಗೆರೆ ಎಳೆಯುತ್ತದೆ ಅಷ್ಟೇ. ಅಮ್ಮನ ತಲೆ ಸುತ್ತ ಬೆಳ್ಳಗೆ ಪ್ರಭಾವಳಿ ಬಂದಿದ್ದರೆ ಅದನ್ನು ಇಳಿಸಿ. ನಾಯ್ಸ್ ರಿಡಕ್ಷನ್ ಅನ್ನುವುದನ್ನು ಆಫ್ ಮಾಡಿ, ಅದು ಚರ್ಮವನ್ನು ಮೇಣದ ಹಾಗೆ ನುಣ್ಣಗೆ ಮಾಡುತ್ತದೆ.

ಇಷ್ಟೆಲ್ಲ ಮಾಡಿಯೂ ಮುಖ ಮಸುಕಾಗಿಯೇ ಇದ್ದರೆ, ಮೊದಲು ಹೇಳಿದ ಒಂದು ಕಣ್ಣಿನ ಪರೀಕ್ಷೆಯನ್ನು ಮೂಲ ಫೋಟೋ ಇಟ್ಟುಕೊಂಡು ಮತ್ತೆ ಮಾಡಿ. ಈ ಸಲ ಫೋನಿನಲ್ಲೂ ಮಸುಕು ಕಂಡರೆ ಕೈ ಅಲುಗಿದೆ ಅಥವಾ ಫೋಕಸ್ ತಪ್ಪಿದೆ. ರಾತ್ರಿ ಅರಮನೆ ಮುಂದೆ ಇದು ಬಹಳ ಸುಲಭವಾಗಿ ಆಗುತ್ತದೆ. ಅಷ್ಟೊಂದು ಬಲ್ಬ್ ಉರಿಯುತ್ತಿದ್ದರೂ ಅವೆಲ್ಲ ನಿಮ್ಮ ಬೆನ್ನ ಹಿಂದೆ. ಮುಖದ ಮೇಲೆ ಬೆಳಕು ಕಡಿಮೆ. ಅದಕ್ಕಾಗಿ ಕ್ಯಾಮೆರಾ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಆ ಹೊತ್ತಿನಲ್ಲಿ ಫೋನ್ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ವಾಲಿದರೂ ಚಿತ್ರ ಸುಮಾರು 6 ಚುಕ್ಕಿಯಷ್ಟು ಎಳೆದುಹೋಗುತ್ತದೆ. ಫೋನಿನ ಅಗಲಕ್ಕೆ ಕುಗ್ಗಿಸಿದಾಗ ಆ ಎಳೆತ ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಒಂದಡಿ ದೂರದಿಂದ ಒಳ್ಳೆ ಕಣ್ಣು ಗುರುತಿಸಬಲ್ಲದ್ದೂ ಹೆಚ್ಚು ಕಡಿಮೆ ಅಷ್ಟೇ, ಹಾಗಾಗಿ ಅದು ತಪ್ಪಿಸಿಕೊಳ್ಳುತ್ತದೆ. ಟಿವಿಯಲ್ಲಿ ಅದೇ ಎಳೆತ 1.4 ಮಿಲಿಮೀಟರ್. ಎರಡು ಮೀಟರ್ ದೂರದಿಂದ ಕಣ್ಣಿಗೆ 0.6 ಮಿಲಿಮೀಟರ್ ಕೂಡ ಗೊತ್ತಾಗುತ್ತದೆ. ಇನ್ನು ತಪ್ಪಿಸಿಕೊಳ್ಳಲು ಜಾಗ ಇಲ್ಲ.

ಅಲುಗಿದ್ದಕ್ಕೂ ಫೋಕಸ್ ತಪ್ಪಿದ್ದಕ್ಕೂ ವ್ಯತ್ಯಾಸವನ್ನು ದೀಪಗಳಲ್ಲೇ ನೋಡಬಹುದು. ಬಲ್ಬುಗಳೆಲ್ಲ ಒಂದೇ ದಿಕ್ಕಿಗೆ ಸಣ್ಣ ಗೆರೆಯಾಗಿದ್ದರೆ ಕೈ ಅಲುಗಿದೆ. ಬಲ್ಬು ಚುಕ್ಕಿಯಾಗಿಯೇ ಇದ್ದು ಮುಖಗಳು ಮಾತ್ರ ಮಸುಕಾಗಿದ್ದರೆ ಫೋಕಸ್ ಅರಮನೆಗೆ ಹೋಗಿದೆ, ಇಲ್ಲವೇ ಜನ ಅಲುಗಿದ್ದಾರೆ. ಪ್ರತಿ ಬಲ್ಬಿನ ಸುತ್ತ ಮಂಜು ಕವಿದ ಹಾಗಿದ್ದರೆ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಜಿಡ್ಡು. ಮುಂದಿನ ಸಲ ಅಂಗಿಯ ತುದಿಯಲ್ಲಿ ಲೆನ್ಸ್ ಒರೆಸಿ, ಮುಖದ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಫೋನನ್ನು ಯಾವುದಾದರೂ ಕಂಬಿಗೆ ಒರಗಿಸಿ ತೆಗೆಯಲು ಹೇಳಿ. ಬೆರಳಿನಿಂದ ಜೂಮ್ ಮಾಡಿ ತೆಗೆಯುವುದು ಬೇಡ. ಎರಡು ಪಟ್ಟು ಡಿಜಿಟಲ್ ಜೂಮ್ ಅಂದರೆ ಕ್ಯಾಮೆರಾ ಹಿಡಿದದ್ದರಲ್ಲಿ ಕಾಲು ಭಾಗ ಮಾತ್ರ ಉಳಿಸಿಕೊಂಡ ಹಾಗೆ.

ಅಲುಗಿದ ಫೋಟೋವನ್ನು ಸರಿ ಮಾಡಲು ಆಗುವುದಿಲ್ಲ. ಆದರೆ ಅಮ್ಮನ ಜೊತೆ ಎಲ್ಲರೂ ಇರುವ ಫೋಟೋ ಅಂದಮೇಲೆ ಅಳಿಸಲೂ ಮನಸ್ಸು ಬರುವುದಿಲ್ಲ. 4x6 ಇಂಚಿನ ಪ್ರಿಂಟ್ ಹಾಕಿಸಿ. ಅದನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡು ಮೀಟರ್ ದೂರದ ಟಿವಿಯಷ್ಟೇ ದೊಡ್ಡದಾಗಿ ಕಣ್ಣಿಗೆ ಕಾಣುವುದರಿಂದ ಮಸುಕು ಅಲ್ಲೂ ಗೊತ್ತಾಗುತ್ತದೆ. ಫ್ರೇಮ್ ಹಾಕಿ ಶೋಕೇಸಿನಲ್ಲಿಟ್ಟು ಮೂರು ನಾಲ್ಕು ಅಡಿ ದೂರದಿಂದ ನೋಡಿದರೆ ಫೋನಿನಲ್ಲಿ ಕಂಡಷ್ಟೇ ಚೆನ್ನಾಗಿ ಕಾಣುತ್ತದೆ.